ಜುಲೈನ ನೀರನ್ನು ಜುಲೈಯಲ್ಲೇ ಹಿಡಿದಿಡಿ (ಭಾಗ 6)

ಅಪ್ಸರಕೊಂಡದ ಹತ್ತಿರ ನಿಮ್ಮದೊಂದು ಹೋಂಸ್ಟೇ ಇದೆ ಅಂದ್ಕೊಳ್ಳಿ. ನಾಲ್ಕು ರೂಮು, ಮನೆ ಊಟ. ಮಳೆಗಾಲಕ್ಕೆ ಜನ ಬರ್ಬೇಕು ಅಂದ್ರೆ ಜಾಹೀರಾತು ಮೇ ತಿಂಗಳಲ್ಲೇ ಓಡ್ಬೇಕು. ಆದ್ರೆ ಮೇನಲ್ಲಿ ಮೊಬೈಲ್ ಹಿಡ್ಕೊಂಡು ಜಲಪಾತಕ್ಕೆ ಹೋದ್ರೆ ಸಿಗೋದು ಬಂಡೆ ಮತ್ತು ಸಣ್ಣ ಎಳೆಯಷ್ಟು ನೀರು!

ನಮ್ಮಂಥವರ ಪೇಜ್ ಬಣಗುಟ್ಟೋದಕ್ಕೆ ಐಡಿಯಾ ಇಲ್ಲದಿರೋದು ಕಾರಣ ಅಲ್ಲ ಅಂತ ನನ್ನ ಅಭಿಪ್ರಾಯ. ಜಾಹೀರಾತು ಬೇಕಾಗೋ ತಿಂಗಳು ಬೇರೆ, ದೃಶ್ಯ ಸಿಗೋ ತಿಂಗಳು ಬೇರೆ. ಅದಕ್ಕೇ ಸ್ಕ್ರಿಪ್ಟ್‌ಗಳನ್ನು ಮೊದಲೇ ಬರೆದು, ಎರಡು ಡಬ್ಬಿ ಮಾಡಿಡಿ.

ಮೊದಲನೇ ಡಬ್ಬಿ, ವರ್ಷವಿಡೀ ಓಡೋದು. ಇದಕ್ಕೆ ತಲೆ ಕೆಡಿಸ್ಕೋಬೇಡಿ, ನಿಮ್ಮ ವಾಟ್ಸಾಪ್ ತೆಗೀರಿ. "ಹೊನ್ನಾವರ ಸ್ಟೇಷನ್ನಿಂದ ಹೇಗೆ ಬರೋದು?" "ಅಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ, ಕೆಳಗೆ ರೂಮಿದ್ಯಾ?" ಒಂದು ಪ್ರಶ್ನೆಗೆ ಒಂದು ಸ್ಕ್ರಿಪ್ಟ್. ಮೊದಲ ಸಾಲು ಗಿರಾಕಿ ಕೇಳಿದ ಪ್ರಶ್ನೆಯೇ ಇರಲಿ. ನಡುವೆ ಉತ್ತರವನ್ನು ತೋರಿಸಿ. ಕೊನೆಗೆ ಎಲ್ಲಿಗೆ ಮೆಸೇಜ್ ಮಾಡ್ಬೇಕು ಅಂತ ಹೇಳಿ. 30 ಸೆಕೆಂಡಿಗೆ ಸುಮಾರು 50 ಪದ ಸಾಕು. ಇಂಥವು 12 ಇದ್ರೆ, ವಾರಕ್ಕೊಂದರಂತೆ ಮೂರು ತಿಂಗಳು ನಡೀತದೆ. ಆಮೇಲೆ ಮತ್ತೆ ಮೊದಲಿಂದ ಹಾಕಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಎರಡನೆಯದು ಸೀಸನ್ ಡಬ್ಬಿ. ಜಲಪಾತದ ಸ್ಕ್ರಿಪ್ಟನ್ನು ಜೂನ್‌ನಲ್ಲಿ ಬರೆದು, ಜುಲೈನಲ್ಲಿ ಶೂಟ್ ಮಾಡಿ. ಈ ವರ್ಷ ಒಂದೆರಡು ಹಾಕಿ, ಉಳಿದದ್ದು ಮುಂದಿನ ಮೇಗೆ ಇರಲಿ. ಫೈಲಿನ ಹೆಸರಲ್ಲೇ ಬರ್ದಿಡಿ: "ಜಲಪಾತ, ಶೂಟ್ ಜುಲೈ, ಹಾಕೋದು ಮೇ 15ರಿಂದ, ತೆಗೆಯೋದು ಸೆಪ್ಟೆಂಬರ್ ಕೊನೆ."

ಆ ಕೊನೆಯ ತಾರೀಕು ಬಹಳ ಮುಖ್ಯ. ಜುಲೈನ ನೀರು ತೋರ್ಸಿ ಏಪ್ರಿಲ್‌ನಲ್ಲಿ ಕರೆದ್ರೆ, ದೂರದಿಂದ ಬಂದವ್ರು ಬಂಡೆ ನೋಡಿ ವಾಪಸ್ ಹೋಗ್ತಾರೆ. ಅವರು ಬರೆಯೋ ರಿವ್ಯೂ ನಿಮ್ಮ ಎಲ್ಲಾ ರೀಲ್‌ಗಿಂತ ಹೆಚ್ಚು ದಿನ ಉಳೀತದೆ. ಮೇನಲ್ಲಿ ಹಾಕುವಾಗಲೂ "ಇದು ಕಳೆದ ಜುಲೈ ತಿಂಗಳ ನೀರು, ಮಳೆ ಹಿಡಿದ ಮೇಲೆ ಬನ್ನಿ" ಅಂತ ಬಾಯಲ್ಲೇ ಹೇಳಿ.

ಯಾವುದು ಯಾವ ಡಬ್ಬಿಗೆ ಅಂತ ಗೊತ್ತಾಗದಿದ್ರೆ ಒಂದು ಪರೀಕ್ಷೆ ಇದೆ. ಸ್ಕ್ರಿಪ್ಟನ್ನು ಜನವರಿ 15 ಅಂದ್ಕೊಂಡು ಒಮ್ಮೆ, ಜುಲೈ 15 ಅಂದ್ಕೊಂಡು ಒಮ್ಮೆ ಓದಿ. "ದಿನಾ ತಾಜಾ ಮೀನೂಟ, ಇಷ್ಟೇ ರೂಪಾಯಿ" ಅನ್ನೋದು ವರ್ಷವಿಡೀ ಓಡೋದು ಅನಿಸ್ತದೆ. ಆದ್ರೆ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಜುಲೈನಲ್ಲಿ ಆ ಮೀನೂ ಇಲ್ಲ, ಆ ರೇಟೂ ಇಲ್ಲ. ಹಾಗಾಗಿ ಅದು ಸೀಸನ್ ಡಬ್ಬಿಗೆ. ರೇಟನ್ನಂತೂ ವಿಡಿಯೋದಲ್ಲಿ ಹೇಳ್ಲೇಬೇಡಿ, ಕ್ಯಾಪ್ಷನ್‌ನಲ್ಲಿ ಬರೀರಿ. ಅಲ್ಲಾದ್ರೆ ಬದಲಾಯಿಸ್ಬಹುದು.

ನಿಮ್ಮ ಗಿರಾಕಿಗಳು ಪದೇಪದೇ ಕೇಳೋ ಪ್ರಶ್ನೆ ಯಾವುದು? ಕೆಳಗೆ ಬರೀರಿ. ನಿಮ್ಮ ಮೊದಲ ಸ್ಕ್ರಿಪ್ಟ್ ಅದೇ.

#ಸಣ್ಣವ್ಯಾಪಾರ #ಅಪ್ಸರಕೊಂಡ #ಹೊನ್ನಾವರ