ಖಾಲಿ ಹೊಟ್ಟೆ ರಿಪೋರ್ಟ್ ‘ಬಾರ್ಡರ್’ ಅಂತ ಬಂದರೆ ನಿಶ್ಚಿಂತೆಯಾ? ನಲವತ್ತು ದಾಟಿದ ಅಂಗಡಿಯವರು ನೋಡದೇ ಬಿಡುತ್ತಿರುವ ಎರಡನೇ ಶುಗರ್ ಟೆಸ್ಟ್

ಕೋಲಾರ: ಟೊಮೆಟೊ ಮಂಡಿಯಲ್ಲಿ ಹರಾಜು ಶುರುವಾಗುವ ಹೊತ್ತಿಗೆ ವ್ಯಾಪಾರಿಗಳ ಹೊಟ್ಟೆಗೆ ಒಂದೆರಡು ಲೋಟ ಟೀ ಬಿದ್ದಿರುತ್ತದೆ. ತಿಂಡಿ ಹತ್ತು ಗಂಟೆಗೆ, ಊಟ ಮೂರಕ್ಕೆ, ರಾತ್ರಿ ಊಟ ಅಂಗಡಿ ಶಟರ್ ಎಳೆದ ಮೇಲೆ. ಹೀಗೆ ಬದುಕುವವರಿಗೆ ‘ಶುಗರ್ ಚೆಕ್ ಮಾಡಿಸಿದ್ದೀರಾ’ ಅಂತ ಕೇಳಿದರೆ ಬಹಳಷ್ಟು ಮಂದಿ ಹೌದು ಅಂತಲೇ ಹೇಳುತ್ತಾರೆ. ಯಾವ ಟೆಸ್ಟ್ ಅಂತ ಕೇಳಿದರೆ ಮಾತ್ರ ಗೊತ್ತಿರುವುದಿಲ್ಲ. ಹೆಚ್ಚಿನವರದ್ದು ಒಂದೇ ಟೆಸ್ಟ್: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಅಂಗಡಿ ಬಾಗಿಲು ತೆಗೆಯಲು ಓಡಿದ್ದು. ಊಟವಾದ ಎರಡು ಗಂಟೆಗೆ ಮತ್ತೆ ಬನ್ನಿ ಅಂತ ಲ್ಯಾಬಿನವರು ಹೇಳಿರುತ್ತಾರೆ. ಆ ಹೊತ್ತಿಗೆ ಗಿರಾಕಿ ಇರುತ್ತಾರೆ, ಹೋಗುವುದಾಗುವುದಿಲ್ಲ.

ಸಮಸ್ಯೆ ಇರುವುದು ಇಲ್ಲೇ. ನಮ್ಮಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ ಮೊದಲು ತಲೆ ಎತ್ತುವುದು ಊಟದ ನಂತರದ ಅಂಕಿಯಲ್ಲಿ. ಖಾಲಿ ಹೊಟ್ಟೆಯ ಅಂಕಿ ಆಮೇಲೆ, ಕೆಲವೊಮ್ಮೆ ವರ್ಷಗಳ ನಂತರ ಏರುತ್ತದೆ.

ಇದು ಯಾಕೆ ಹೀಗೆ ಅನ್ನುವುದಕ್ಕೆ ಮಂಡಿಯನ್ನೇ ನೋಡಬಹುದು. ಮಧ್ಯರಾತ್ರಿ ಗೇಟಿನಲ್ಲಿ ಎರಡು ಲಾರಿ ಬಂದರೆ ಇಬ್ಬರು ಹಮಾಲಿಗಳಿದ್ದರೂ ಸಾಕು, ಎಲ್ಲ ಸಲೀಸು. ಅದೇ ಸೀಸನ್ನಿನಲ್ಲಿ ಬೆಳಿಗ್ಗೆ ನೂರು ಗಾಡಿ ಒಟ್ಟಿಗೆ ನುಗ್ಗಿದಾಗ ಆ ಇಬ್ಬರ ಕೈಲಿ ಆಗುವುದಿಲ್ಲ, ರಸ್ತೆವರೆಗೆ ಜಾಮ್. ದೇಹದಲ್ಲಿ ಇನ್ಸುಲಿನ್ ಮಾಡುವುದು ಹಮಾಲಿ ಕೆಲಸ, ರಕ್ತದಲ್ಲಿರುವ ಸಕ್ಕರೆಯನ್ನು ಜೀವಕೋಶದೊಳಗೆ ಇಳಿಸುವುದು. ರಾತ್ರಿಯೆಲ್ಲ ಊಟ ಇಲ್ಲದಾಗ ಯಕೃತ್ತು ಸ್ವಲ್ಪ ಸ್ವಲ್ಪವೇ ಸಕ್ಕರೆ ಬಿಡುತ್ತಿರುತ್ತದೆ, ಅಷ್ಟಕ್ಕೆ ಕುಗ್ಗಿದ ಇನ್ಸುಲಿನ್ನೂ ಸಾಲುತ್ತದೆ. ನಾಲ್ಕು ಇಡ್ಲಿ ಅಥವಾ ದೊಡ್ಡ ಮುದ್ದೆ ಒಳಗೆ ಹೋದಾಗ ಮಾತ್ರ ಕೊರತೆ ಬಯಲಾಗುತ್ತದೆ. ಗೇಟಿನ ಲೆಕ್ಕವನ್ನು ಮಧ್ಯರಾತ್ರಿ ಮಾತ್ರ ತೆಗೆದುಕೊಂಡರೆ ಜಾಮ್ ಇದೆ ಅಂತ ಗೊತ್ತಾಗುವುದಾದರೂ ಹೇಗೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಜಾರ್ ರಸ್ತೆಯ ಒಬ್ಬ ಕಿರಾಣಿ ಅಂಗಡಿ ಮಾಲೀಕ, ವಯಸ್ಸು 46. ಅಪ್ಪನಿಗೆ ಶುಗರ್ ಇತ್ತು. ಹೋದ ವರ್ಷ ಖಾಲಿ ಹೊಟ್ಟೆ ಟೆಸ್ಟ್ 104 ಬಂದಿತ್ತು, ಈ ವರ್ಷ 112. ‘ಬಾರ್ಡರಲ್ಲಿದೆ, ಏನೂ ಇಲ್ಲ ಬಿಡಿ’ ಅಂತ ಅಕ್ಕಪಕ್ಕದವರೇ ತೀರ್ಪು ಕೊಟ್ಟರು. ಒಂದು ಭಾನುವಾರ ಅಂಗಡಿ ರಜೆ ಇದ್ದಾಗ ಹೆಂಡತಿಯ ಒತ್ತಾಯಕ್ಕೆ ಉಳಿದ ಟೆಸ್ಟ್‌ಗಳನ್ನೂ ಮಾಡಿಸಿದರು. ತಿಂಡಿ ತಿಂದ ಎರಡು ಗಂಟೆಗೆ 228. ಎಚ್‌ಬಿಎ1ಸಿ 7.1.

ಈ ಮೂರು ಅಂಕಿಗಳನ್ನು ಓದುವ ರೀತಿ ಹೀಗೆ. ಖಾಲಿ ಹೊಟ್ಟೆಯಲ್ಲಿ, ಅಂದರೆ ಕನಿಷ್ಠ 8 ಗಂಟೆ ಏನೂ ತಿನ್ನದೆ, 100ರೊಳಗೆ ಇದ್ದರೆ ಸರಿ. 100ರಿಂದ 125 ಇದ್ದರೆ ಅದು ಕಾಯಿಲೆಯ ಹೊಸ್ತಿಲು. 126 ಮತ್ತು ಮೇಲೆ ಇದ್ದರೆ ಸಕ್ಕರೆ ಕಾಯಿಲೆ. ಎರಡು ಗಂಟೆಯ ಅಂಕಿ 140ರೊಳಗೆ ಇರಬೇಕು, 200 ಮುಟ್ಟಿದರೆ ಕಾಯಿಲೆಯ ಸೂಚನೆ. ಪಕ್ಕಾ ನಿಯಮದಲ್ಲಿ ಈ ಟೆಸ್ಟನ್ನು 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಮಾಡುತ್ತಾರೆ, ನಮ್ಮ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ತಿಂಡಿಯ ಮೇಲೆಯೇ ನಡೆಯುತ್ತದೆ. ಎಚ್‌ಬಿಎ1ಸಿ ಅನ್ನುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಲೆಕ್ಕ. 5.7ರೊಳಗೆ ಸರಿ, 6.5 ಮತ್ತು ಮೇಲೆ ಕಾಯಿಲೆ.

ಅಂದರೆ ‘ಬಾರ್ಡರ್’ ಅಂದುಕೊಂಡಿದ್ದ ಈ ಮನುಷ್ಯನಿಗೆ ಆಗಲೇ ಸಕ್ಕರೆ ಕಾಯಿಲೆ ಇತ್ತು. 7.1 ಅಂದರೆ ದಿನದ ಸರಾಸರಿ ಸಕ್ಕರೆ ಸುಮಾರು 157. ಬಾಯಾರಿಕೆ ಇರಲಿಲ್ಲ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಿರಲಿಲ್ಲ, ಸುಸ್ತೂ ಇರಲಿಲ್ಲ. ಆ ಲಕ್ಷಣಗಳು ಬರುವುದು ಸಕ್ಕರೆ ಇನ್ನೂ ಮೇಲೆ ಹೋದಾಗ. ‘ನಂಗೇನೂ ಆಗಿಲ್ವಲ್ಲ’ ಅನ್ನುವ ಮಾತಿಗೆ ಈ ಕಾಯಿಲೆಯಲ್ಲಿ ಬೆಲೆ ಇಲ್ಲ. ಆ ಹೊತ್ತಿಗೆ ಕಣ್ಣಿನ ಹಿಂಪದರ, ಕಿಡ್ನಿ, ಪಾದದ ನರಗಳ ಮೇಲೆ ಕೆಲಸ ಶುರುವಾಗಿರಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾದಾಗ ವಯಸ್ಕರಲ್ಲಿ ಶೇ 11.4 ಮಂದಿಗೆ ಸಕ್ಕರೆ ಕಾಯಿಲೆ ಇದೆ, ಶೇ 15.3 ಮಂದಿ ಹೊಸ್ತಿಲಲ್ಲಿದ್ದಾರೆ ಅಂತ ಕಂಡುಬಂತು. ಹೊಸ್ತಿಲಲ್ಲಿ ಇರುವವರೇ ಹೆಚ್ಚು. ಗಮನಿಸಬೇಕಾದ್ದು ಇದು.

ಇನ್ನು ಕ್ಯಾಂಪ್‌ಗಳ ವಿಷಯ. ಹಬ್ಬಕ್ಕೋ ಯಾರದ್ದೋ ಹುಟ್ಟುಹಬ್ಬಕ್ಕೋ ಶಾಮಿಯಾನ ಹಾಕಿ ಬೆರಳು ಚುಚ್ಚಿ ಪುಕ್ಕಟೆ ಶುಗರ್ ನೋಡುತ್ತಾರೆ. ಹೋಗಬಾರದು ಅಂತಲ್ಲ, ಆದರೆ ಆ ಅಂಕಿ ಏನನ್ನು ಹೇಳುತ್ತದೆ ಅಂತ ತಿಳಿದಿರಬೇಕು. ಬೆಳಿಗ್ಗೆ 11ಕ್ಕೆ ಬಂದ 168 ಅನ್ನುವ ಅಂಕಿಯಿಂದ ಕಾಯಿಲೆ ಇದೆ ಅಂತಲೂ ಹೇಳಲಾಗುವುದಿಲ್ಲ, ಇಲ್ಲ ಅಂತಲೂ ಹೇಳಲಾಗುವುದಿಲ್ಲ. 140 ದಾಟಿದರೆ ಲ್ಯಾಬಿನಲ್ಲಿ ರಕ್ತನಾಳದಿಂದ ತೆಗೆದ ರಕ್ತದ ಟೆಸ್ಟ್ ಆಗಲೇಬೇಕು. ಕಿರಾಣಿಯವರಿಗೆ ಇನ್ನೊಂದು ಎಚ್ಚರಿಕೆ ಬೇಕು: ಬೆಲ್ಲ, ಸಕ್ಕರೆ ತೂಗಿದ ಕೈಯಲ್ಲೇ ಬೆರಳು ಚಾಚಿದರೆ ಮೀಟರ್ ಆ ಸಕ್ಕರೆಯನ್ನೂ ಸೇರಿಸಿ ತೋರಿಸುತ್ತದೆ. ಹಣ್ಣಿನ ಅಂಗಡಿಯವರಿಗೂ ಇದೇ ಕಥೆ. ಸೋಪು ಹಾಕಿ ಕೈ ತೊಳೆದು, ಪೂರ್ತಿ ಒರೆಸಿಕೊಂಡ ಮೇಲೆ ಚುಚ್ಚಿಸಿಕೊಳ್ಳಬೇಕು. ಸ್ಟ್ರಿಪ್ ಡಬ್ಬಿ ಮುಚ್ಚಳ ತೆಗೆದು ಗಾಳಿಗೆ ಇಟ್ಟಿದ್ದರೆ ಅಥವಾ ಅವಧಿ ಮುಗಿದಿದ್ದರೆ ಆ ಅಂಕಿಯನ್ನು ನಂಬುವಂತಿಲ್ಲ.

ಲ್ಯಾಬ್ ಟೆಸ್ಟಿನಲ್ಲೂ ಎಡವಟ್ಟುಗಳಿವೆ. ಮಂಡಿಯಲ್ಲಿ ‘ಬರೀ ಅರ್ಧ ಲೋಟ ಟೀ’ ಕುಡಿದು ಹೋದರೆ ಅದು ಖಾಲಿ ಹೊಟ್ಟೆಯಲ್ಲ, ನೀರು ಮಾತ್ರ ನಡೆಯುತ್ತದೆ. ಎರಡು ಗಂಟೆ ಲೆಕ್ಕ ಹಾಕಬೇಕಾದ್ದು ಮೊದಲ ತುತ್ತಿನಿಂದ, ಕೈ ತೊಳೆದ ಮೇಲಿನಿಂದಲ್ಲ. ಟೆಸ್ಟಿಗೆ ಮೂರು ದಿನ ಮುಂಚೆ ಅನ್ನ ಬಿಟ್ಟು ಪಥ್ಯ ಮಾಡುವವರೂ ಇದ್ದಾರೆ, ಪರೀಕ್ಷೆಗೆ ಹಿಂದಿನ ರಾತ್ರಿ ಓದಿದ ಹಾಗೆ. ಖಾಲಿ ಹೊಟ್ಟೆ ಟೆಸ್ಟಿನಲ್ಲಿ ಅದು ಸ್ವಲ್ಪ ನಡೆಯಬಹುದು, ಎಚ್‌ಬಿಎ1ಸಿ ಮುಂದೆ ನಡೆಯುವುದಿಲ್ಲ. ಅದು ತಿಂಗಳುಗಳ ಖಾತೆ ಪುಸ್ತಕ.

ಅಂಗಡಿಯವರಿಗೆ ಎಚ್‌ಬಿಎ1ಸಿಯ ದೊಡ್ಡ ಅನುಕೂಲ ಅಂದರೆ ಊಟ ಬಿಡಬೇಕಿಲ್ಲ, ಎರಡು ಸಲ ಹೋಗಬೇಕಿಲ್ಲ. ಮಧ್ಯಾಹ್ನ ಗಿರಾಕಿ ಕಮ್ಮಿ ಇರುವಾಗ ಹೋಗಿ ಒಂದೇ ಸಲ ರಕ್ತ ಕೊಟ್ಟು ಬರಬಹುದು. ಆದರೆ ರಕ್ತಹೀನತೆ ಇದ್ದವರಲ್ಲಿ ಇದು ಮೋಸ ಮಾಡುತ್ತದೆ. ಕಬ್ಬಿಣಾಂಶದ ಕೊರತೆ ಇದ್ದರೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಇತ್ತೀಚೆಗೆ ಹೆಚ್ಚು ರಕ್ತ ಹೋಗಿದ್ದರೆ ಕಡಿಮೆ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಮ್ಮಿ ಇರುವವರು ಎಷ್ಟಿದ್ದಾರೆ ಅಂತ ಹೇಳಬೇಕಾಗಿಲ್ಲ. ಅಂಥವರು ಖಾಲಿ ಹೊಟ್ಟೆ ಮತ್ತು ಎರಡು ಗಂಟೆಯ ಟೆಸ್ಟ್ ಎರಡನ್ನೂ ಮಾಡಿಸುವುದೇ ಸರಿ.

ಊಟದ ವಿಷಯಕ್ಕೆ ಬಂದರೆ ಈ ಸೀಮೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ‘ಅನ್ನ ಬಿಟ್ಟು ಮುದ್ದೆ ತಿಂದ್ರೆ ಶುಗರ್ ಬರಲ್ಲ.’ ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು, ನಿಜ. ಆದರೆ ರಾಗಿಯೂ ಪಿಷ್ಟವೇ. 100 ಗ್ರಾಂ ಹಿಟ್ಟಿನಲ್ಲಿ ಹೆಚ್ಚುಕಮ್ಮಿ 65ರಿಂದ 70 ಗ್ರಾಂ ಪಿಷ್ಟ ಇರುತ್ತದೆ, ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಅದೇ ಮಂಡಳಿಯ ಅಧ್ಯಯನದ 2025ರ ವರದಿ ಹೇಳಿದ್ದೂ ಇದನ್ನೇ: ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ 62 ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ, ಒಟ್ಟು ಪ್ರಮಾಣ ತಗ್ಗಿಸದೆ ಅಕ್ಕಿಯ ಬದಲು ಗೋಧಿ, ಸಿರಿಧಾನ್ಯ ಅಂತ ಬದಲಾಯಿಸಿದರೆ ಅಪಾಯ ಇಳಿದದ್ದು ಕಾಣಲಿಲ್ಲ. ಪಿಷ್ಟದ ಸ್ವಲ್ಪ ಭಾಗದ ಜಾಗದಲ್ಲಿ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ಬಂದಾಗ ಅಪಾಯ ಕಡಿಮೆ ಇತ್ತು. ಮುದ್ದೆಯ ಗಾತ್ರ ಹಾಗೇ ಇಟ್ಟು, ಅದರ ಮೇಲೆ ಒಂದು ತಟ್ಟೆ ಅನ್ನ ಹಾಕಿಕೊಂಡರೆ ರಾಗಿ ಕಾಪಾಡುವುದಿಲ್ಲ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಹೊಸದೇನೂ ಬೇಕಿಲ್ಲ. ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳು, ಅವರೆಕಾಳು, ಹೆಸರುಕಾಳು ಎಲ್ಲ ಇದ್ದೇ ಇದೆ. ಬದಲಾಗಬೇಕಾದ್ದು ಅಳತೆ. ಮುದ್ದೆ ಅರ್ಧಕ್ಕೆ ಇಳಿಸಿ, ಸೊಪ್ಪು ಕಾಳಿನ ಪಲ್ಯ ಎರಡು ಪಾಲು ಮಾಡಿ, ಪಲ್ಯವನ್ನೇ ಮೊದಲು ತಿನ್ನುವುದು. ಮುದ್ದೆ ಅಥವಾ ಅನ್ನ, ಎರಡರಲ್ಲಿ ಒಂದು.

ಟೀ ಲೆಕ್ಕ ಮಾತ್ರ ಕೂತು ಹಾಕಿ ನೋಡಬೇಕು. ಅಂಗಡಿಯಲ್ಲಿ ಯಾರು ಬಂದರೂ ಒಂದು ಟೀ. ದಿನಕ್ಕೆ ಆರು ಲೋಟ, ಒಂದಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 5 ಗ್ರಾಂ ಹಿಡಿದರೆ 60 ಗ್ರಾಂ ಆಯಿತು. ತಿಂಗಳಿಗೆ ಒಬ್ಬರೇ 1.8 ಕೆ.ಜಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ ಸುಮಾರು 50 ಗ್ರಾಂ, ಸಾಧ್ಯವಾದರೆ 25. ಸಿಹಿತಿಂಡಿ ಮುಟ್ಟದೇ ಇದ್ದರೂ ಟೀಯಲ್ಲೇ ಮಿತಿ ದಾಟಿತು. ಬೆಲ್ಲದ ಟೀ ಅಂತ ಬೋರ್ಡ್ ಹಾಕಿದ ಹೋಟೆಲುಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ, ಬೆಲ್ಲವೂ ಸಕ್ಕರೆಯೇ.

ಟೆಸ್ಟ್ ಎಲ್ಲಿ ಅಂದರೆ, ಮನೆ ಬಾಗಿಲಿಗೆ ಬಂದು 30 ದಾಟಿದವರನ್ನು ತಪಾಸಣೆ ಮಾಡುವ ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಶುರುವಾಗಿದ್ದು ಕೋಲಾರ ಜಿಲ್ಲೆಯಲ್ಲೇ, ಬೇರೆ ಜಿಲ್ಲೆಗಳಿಗೆ ಹೋಗಿದ್ದು ಆಮೇಲೆ. ಆದರೆ ಆಶಾ ಕಾರ್ಯಕರ್ತೆ ಹಗಲು ಮನೆಗೆ ಬಂದಾಗ ಗಂಡಸರು ಅಂಗಡಿಯಲ್ಲಿರುತ್ತಾರೆ. ಹಾಗೆ ತಪ್ಪಿಸಿಕೊಂಡವರು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗೆ ಹೋಗಬಹುದು. ಎಲ್ಲ ಸರಿ ಇದ್ದರೂ ವರ್ಷಕ್ಕೊಮ್ಮೆ ಸಾಕು ಅನ್ನುವುದು ಸಾಮಾನ್ಯ ಲೆಕ್ಕ. ಅಪ್ಪ ಅಮ್ಮನಿಗೆ ಶುಗರ್ ಇದ್ದವರು, ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದವರು, ಬಸುರಿಯಾಗಿದ್ದಾಗ ಶುಗರ್ ಬಂದಿದ್ದವರು ಆ ವರ್ಷದ ಗಡುವನ್ನು ತಪ್ಪಿಸಬಾರದು. ಹಳೇ ರಿಪೋರ್ಟ್ ಎಸೆಯಬಾರದು. ನಮ್ಮ ಕಿರಾಣಿ ಮಾಲೀಕರ 104 ಮತ್ತು 112 ಪಕ್ಕಪಕ್ಕ ಇಟ್ಟು ನೋಡಿದ್ದರೆ ಏರಿಕೆ ಮೊದಲೇ ಕಾಣುತ್ತಿತ್ತು.

ಅವರ ಮುಂದಿನ ಕಥೆ ಹೀಗೆ ಸಾಗುತ್ತದೆ ಎಂದುಕೊಳ್ಳಿ. ಡಾಕ್ಟರು ದಿನಕ್ಕೆರಡು ಮಾತ್ರೆ ಬರೆದರು, ಕಣ್ಣಿನ ಹಿಂಪದರ, ಮೂತ್ರದ ಪ್ರೋಟೀನ್, ಪಾದ ಮೂರನ್ನೂ ನೋಡಿಸಿದರು. ರಾತ್ರಿ ಊಟದ ಡಬ್ಬಿ ಎಂಟಕ್ಕೇ ಅಂಗಡಿಗೆ ಬಂತು, ಊಟದ ಮೇಲೆ ಬಸ್ ಸ್ಟ್ಯಾಂಡ್ ತನಕ ಹದಿನೈದು ನಿಮಿಷ ನಡಿಗೆ. ಟೀ ಎರಡಕ್ಕಿಳಿದು ಸಕ್ಕರೆ ಅರ್ಧ ಚಮಚವಾಯಿತು. ಮೂರು ತಿಂಗಳಿಗೆ ಎಚ್‌ಬಿಎ1ಸಿ 6.4. ‘ಇನ್ನು ಮಾತ್ರೆ ಬಿಡಬಹುದಾ?’ ಅಂತ ಕೇಳಿದ್ದಕ್ಕೆ ಡಾಕ್ಟರು ಬೇಡ ಅಂದರು, ಇಳಿದದ್ದರಲ್ಲಿ ಮಾತ್ರೆಯದೂ ಪಾಲಿದೆ, ನೀವಾಗಿಯೇ ನಿಲ್ಲಿಸಿದರೆ ಮತ್ತೆ ಏರುತ್ತದೆ ಅಂತ. ಆಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿ, ‘ನಿಮ್ದು ಯಾವಾಗಮ್ಮ ನೋಡಿಸಿದ್ದು?’ ಅಂದರು. ವಯಸ್ಸು 43, ಒಮ್ಮೆಯೂ ನೋಡಿಸಿರಲಿಲ್ಲ. ರಕ್ತ ಕಮ್ಮಿ ಇದೆ ಅಂತ ಮೊದಲೇ ಗೊತ್ತಿದ್ದರಿಂದ ಎಚ್‌ಬಿಎ1ಸಿ ಒಂದನ್ನೇ ನಂಬದೆ, ಮುಂದಿನ ಭಾನುವಾರಕ್ಕೆ ಖಾಲಿ ಹೊಟ್ಟೆಯದ್ದು, ಎರಡು ಗಂಟೆಯದ್ದು ಎರಡೂ ಬರೆದುಕೊಟ್ಟರು.