ಆ್ಯಪಿನ ಅಂದಾಜು: ಪರದೆ ಎಣಿಸಿದರೆ ಸಾಲದು

ಸೊಲ್ಲಾಪುರದ ನಮ್ಮ ಓಣಿಯ ಮೂವರು ತರುಣರು ಕಳೆದ ವರ್ಷ ಒಂದು ಕಾಗದ ಹಿಡಿದು ಬಂದಿದ್ದರು. ಕಿರಾಣಿ ಸಾಮಾನು ಮನೆಗೆ ತಲುಪಿಸುವ ಆ್ಯಪ್ ಮಾಡಿಕೊಡಲು ಅಂಗಡಿಯ ಯಜಮಾನರೊಬ್ಬರು ಅವರನ್ನು ಕೇಳಿದ್ದರಂತೆ. ಕಾಗದದಲ್ಲಿ ಹದಿನಾಲ್ಕು ಪರದೆಗಳ ಪಟ್ಟಿ ಇತ್ತು. ಪರದೆಗೆ ಮೂರು ದಿನದಂತೆ 42 ದಿನ. ಪ್ರೋಗ್ರಾಂ ಬರೆಯುವವರು ಇಬ್ಬರು, ಆದ್ದರಿಂದ 21 ದಿನ. ಇರಲಿ ಎಂದು ಒಂದೂವರೆ ತಿಂಗಳು, ಒಂದೂವರೆ ಲಕ್ಷ ರೂಪಾಯಿ.

ಲೆಕ್ಕದ ಗುಣಾಕಾರ ಸರಿಯಾಗಿಯೇ ಇತ್ತು. ಎಣಿಸಿದ ವಸ್ತು ಮಾತ್ರ ತಪ್ಪು. ಇಂಥ ಆ್ಯಪಿನಲ್ಲಿ ಶ್ರಮ ಬೇಡುವುದು ಪರದೆಯಲ್ಲ, ಆರ್ಡರಿನ ಪಯಣ. ಗ್ರಾಹಕರು ಆರ್ಡರ್ ಕೊಟ್ಟರು, ಅಂಗಡಿ ಒಪ್ಪಿತು, ಕಟ್ಟಿಟ್ಟಿತು, ಹುಡುಗ ಹೊರಟ, ತಲುಪಿಸಿದ ಎಂಬ ಐದು ಹಂತಗಳು ಸುಲಭ. ಆದರೆ ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಕಾದಿರುತ್ತದೆ. ಅಂಗಡಿ ಒಪ್ಪಿದ ಮೇಲೆ ತೊಗರಿಬೇಳೆ ತೀರಿದ್ದರೆ? ಹುಡುಗ ಹೊರಟ ಮೇಲೆ ಗ್ರಾಹಕರು ಬೇಡವೆಂದರೆ? ಹಣ ಬ್ಯಾಂಕಿನಿಂದ ಹೋಗಿ, ಅದೇ ಕ್ಷಣದಲ್ಲಿ ನೆಟ್‌ವರ್ಕ್ ಕಡಿದರೆ? ಈ ಪ್ರಶ್ನೆಗಳಿಗೆಲ್ಲ ಯಾವ ಪರದೆಯ ಚಿತ್ರದಲ್ಲೂ ಜಾಗವಿಲ್ಲ, ಆದರೆ ಒಂದೊಂದಕ್ಕೂ ಪ್ರೋಗ್ರಾಂ ಬರೆಯಲೇಬೇಕು.

ಆದ್ದರಿಂದ ನಾವು ಪಟ್ಟಿಯನ್ನು ಹೊಸದಾಗಿ ಮಾಡಿದೆವು. ಗ್ರಾಹಕರ ಆ್ಯಪಿಗೆ 30 ಆಳು-ದಿನ, ಅಂಗಡಿಯವರ ಭಾಗಕ್ಕೆ 15, ತಲುಪಿಸುವ ಹುಡುಗನ ಆ್ಯಪಿಗೆ 25, ಉಸ್ತುವಾರಿ ಪುಟಕ್ಕೆ 12, ಇವೆಲ್ಲವುಗಳ ಹಿಂದೆ ದುಡಿಯುವ ಸರ್ವರಿಗೆ 38. ಅನುಮಾನವಿರುವ ಕೆಲಸಗಳಿಗೆ ಮೂರು ಅಂಕಿ ಕೇಳಿದೆ. ಆನ್‌ಲೈನ್ ಪಾವತಿಗೆ ಎಲ್ಲ ಸುಸೂತ್ರವಾದರೆ 4 ದಿನ, ಸಾಮಾನ್ಯವಾಗಿ 7, ಕೆಟ್ಟರೆ 22. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ 9. ಏಳೆಂದು ಬರೆದಿದ್ದರೆ ಆ 22ರ ಭಯ ಕಾಗದದಿಂದಲೇ ಮಾಯವಾಗುತ್ತಿತ್ತು.

ಮೊತ್ತ 120 ಆಳು-ದಿನ. ವಾರಕ್ಕೆ ಐದು ದಿನ ದುಡಿದರೂ ಮಾತುಕತೆ, ತಿದ್ದುಪಡಿ, ಅನಾರೋಗ್ಯ ಕಳೆದು ಒಬ್ಬರಿಂದ ನಾಲ್ಕೇ ದಿನದ ಕೆಲಸ ಕೈಗೂಡುತ್ತದೆ. ಇಬ್ಬರಿಂದ ವಾರಕ್ಕೆ ಎಂಟು; ಅಂದರೆ ಹದಿನೈದು ವಾರ.

ಯಜಮಾನರು ಅಷ್ಟು ಕಾಯಲಾರರು. ಅವಧಿ ಕುಗ್ಗಿಸುವುದೆಂದರೆ ಅದೇ ಕೆಲಸವನ್ನು ಬೇಗ ಮಾಡುತ್ತೇವೆಂದು ಮಾತು ಕೊಡುವುದಲ್ಲ, ಕೆಲಸವನ್ನೇ ಬಿಡುವುದು. ತಲುಪಿಸುವವನು ಅಂಗಡಿಯದೇ ಹುಡುಗ. ಅವನಿಗೆ ವಿಳಾಸ ತೋರಿಸುವ ಒಂದು ಸರಳ ಪುಟ ಸಾಕು, ನಕ್ಷೆಯ ಮೇಲೆ ಅವನು ಚಲಿಸುವುದನ್ನು ತೋರಿಸಬೇಕಿಲ್ಲ. ಅಲ್ಲಿ 22 ದಿನ ಉಳಿಯಿತು. ಹಣವನ್ನು ಬಾಗಿಲಲ್ಲೇ ನಗದಾಗಿ ಅಥವಾ ಅಂಗಡಿಯ ಯುಪಿಐ ಕ್ಯೂಆರ್ ತೋರಿಸಿ ಪಡೆದರೆ ಪಾವತಿಯ 9 ದಿನವೂ, ಹಣ ಹಿಂತಿರುಗಿಸುವ ತಲೆನೋವೂ ಇಲ್ಲ. ಬಾಗಿಲಿಗೆ ಹೋದ ಮೇಲೆ ಬೇಡವೆನ್ನುವವರು ಇರುತ್ತಾರೆ, ನಿಜ. ದೊಡ್ಡ ಆರ್ಡರಿಗೆ ಮೊದಲು ಫೋನ್ ಮಾಡುವುದೆಂದು ಯಜಮಾನರು ಒಪ್ಪಿದರು. ರಿಯಾಯಿತಿ ಕೂಪನ್, ನಕ್ಷತ್ರದ ಅಂಕ ಬಿಟ್ಟು ಇನ್ನೊಂದು 9. ಉಳಿದದ್ದು 80 ಆಳು-ದಿನ, ಹತ್ತು ವಾರ. ಕನ್ನಡ, ಮರಾಠಿ, ತೆಲುಗು ಮೂರನ್ನೂ ಉಳಿಸಿಕೊಂಡೆವು. ಪರದೆಯ ಮಾತುಗಳನ್ನು ಮೊದಲೇ ಬೇರೆ ಕಡತದಲ್ಲಿಟ್ಟರೆ ಅದು ಎರಡು ದಿನದ ಕೆಲಸ, ಕೊನೆಗೆ ಸೇರಿಸಹೊರಟರೆ ಪ್ರತಿ ಪರದೆಯನ್ನೂ ಬಿಚ್ಚಬೇಕು.

ಇದರ ಮೇಲೆ ನಮ್ಮ ಕೈಯಲ್ಲಿಲ್ಲದ ದಿನಗಳಿವೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಗೂಗಲ್ ಪ್ಲೇಯಲ್ಲಿ ಪ್ರಕಟಿಸುವ ಮುನ್ನ ಕನಿಷ್ಠ 12 ಜನ ಸತತ 14 ದಿನ ಆ್ಯಪಿನ ಪರೀಕ್ಷೆಯಲ್ಲಿ ಇರಬೇಕು. ಒಟಿಪಿ ಸಂದೇಶ ಕಳಿಸಲು ಡಿಎಲ್‌ಟಿ ನೋಂದಣಿ ಬೇಕು. ಅದನ್ನು ಮೊದಲ ವಾರವೇ ಆರಂಭಿಸದಿದ್ದರೆ ಸಿದ್ಧವಾದ ಆ್ಯಪ್ ಲಾಗಿನ್ ಆಗದೆ ಕೂತಿರುತ್ತದೆ. ಇವಕ್ಕೆಂದು ಮೂರು ವಾರ ಸೇರಿ ಹದಿಮೂರು ವಾರ, ಅಂದರೆ ಮೂರು ತಿಂಗಳು.

ಹಣದ ಲೆಕ್ಕ ಈಗ ಸುಲಭ. ಇಬ್ಬರಿಗೆ ತಲಾ 40,000, ವಿನ್ಯಾಸ ಮತ್ತು ಪರೀಕ್ಷೆ ನೋಡುವವನಿಗೆ 25,000. ಮೂರು ತಿಂಗಳಿಗೆ 3,15,000 ರೂಪಾಯಿ. ಸರ್ವರ್ ಬಾಡಿಗೆ, ಸಂದೇಶ, ನೋಂದಣಿ, ಪರೀಕ್ಷೆಗೆ ಎರಡು ಅಗ್ಗದ ಫೋನು, ಎಲ್ಲ ಸೇರಿ 35,000. ಅನಿರೀಕ್ಷಿತಕ್ಕೆ ನೂರಕ್ಕೆ 20ರಂತೆ 70,000. ಒಟ್ಟು 4,20,000. ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಿದಿರಲ್ಲ, ಛಲೋ ಆತು" ಎಂದರು.

ಅಂದಾಜು ಸುಳ್ಳಾಗುತ್ತಿದೆಯೇ ಎಂಬುದು ಎರಡನೆಯ ವಾರದ ಕೊನೆಗೇ ತಿಳಿಯಿತು. ಮುಗಿಯಬೇಕಿದ್ದದ್ದು 16 ದಿನದ ಕೆಲಸ, ಮುಗಿದದ್ದು 12ರದು. ಮುಗಿದದ್ದೆಂದರೆ ಮೂರನೆಯವನು ಪರೀಕ್ಷಿಸಿ ಒಪ್ಪಿದ್ದು; "ಬಹುಪಾಲು ಆಗಿದೆ" ಎನ್ನುವುದನ್ನು ನಾವು ಸೊನ್ನೆ ಎಂದೇ ಎಣಿಸಿದೆವು. ವಾರಕ್ಕೆ ಆರರಂತೆ ಉಳಿದ 68ಕ್ಕೆ ಎಂಟೂವರೆಯ ಬದಲು ಹನ್ನೊಂದು ವಾರ ದಾಟುತ್ತದೆ. ಅಂದು ಸಂಜೆಯೇ ಯಜಮಾನರ ಅಂಗಡಿಗೆ ಹೋಗಿ, ಉಸ್ತುವಾರಿ ಪುಟದ ವರದಿಗಳನ್ನೂ ಹಳೆಯ ಆರ್ಡರನ್ನು ಮತ್ತೆ ಕೊಡುವ ಸೌಲಭ್ಯವನ್ನೂ ಮುಂದಿನ ಆವೃತ್ತಿಗೆ ತಳ್ಳಿದರು. ಎಂಟು ದಿನದ ಕೆಲಸ ಇಳಿಯಿತು. ಉಳಿದ 60ಕ್ಕೆ ಹತ್ತು ವಾರ, ಕಳೆದ ಎರಡು ಸೇರಿ ಹನ್ನೆರಡು. ಹೆಚ್ಚಾದ ಎರಡು ವಾರದ ಸಂಬಳ ಆ 70,000ದೊಳಗೇ ಹೊಂದಿತು.