ಮೊಬೈಲಿನ ಅಂಗಡಿಗೂ ಮೂರು ತಿಂಗಳಿಗೊಮ್ಮೆ ತಪಾಸಣೆ ಬೇಕು

ಡೇರಿಗೆ ಹಾಲು ಹಾಕಿ, ಮನೆಗೆ ಉಳಿಸಿಕೊಂಡದ್ದರಲ್ಲಿ ತುಪ್ಪ ಕಾಯಿಸಿ, ಜೊತೆಗೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಸಹೋದರಿಯರು ನಮ್ಮ ಮೂರೂ ತಾಲ್ಲೂಕುಗಳಲ್ಲಿದ್ದಾರೆ. ಕೆಲವರ ವ್ಯಾಪಾರ ಗೂಗಲ್ ಮ್ಯಾಪಿನಲ್ಲೂ ವಾಟ್ಸಾಪ್ ಬಿಸಿನೆಸ್‌ನಲ್ಲೂ ಇದೆ. ಸಂಘದ ಲೆಕ್ಕಕ್ಕೆ ವರ್ಷಕ್ಕೊಮ್ಮೆ ಆಡಿಟ್ ಆಗುತ್ತದೆ. ಈ ಪುಟಗಳಿಗೆ ಅಷ್ಟೂ ಸಾಲದು, ಮೂರು ತಿಂಗಳಿಗೊಮ್ಮೆ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ತುಮರಿ ಕಡೆಯ ಒಂದು ಮನೆಯನ್ನೇ ಊಹಿಸಿಕೊಳ್ಳಿ. ಪುಟ ಮಾಡಿದ್ದು 2023ರಲ್ಲಿ. ಅದರಲ್ಲಿ ‘ಸಂಜೆ ಲಾಂಚ್ ನಿಲ್ಲುವುದರೊಳಗೆ ಬನ್ನಿ’ ಎಂದಿದೆ, ಲಾಂಚಿಗೆ ಕಾದು ನಿಂತ ವಾಹನಗಳ ಫೋಟೋ ಇದೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಆದರೂ ಆ ಪುಟ ನೋಡಿದ ಸಿಗಂದೂರಿನ ಯಾತ್ರಿಕರು ‘ಹೊತ್ತಾಯಿತು’ ಎಂದು ಮನೆಯ ಹತ್ತಿರ ಬರದೇ ಹೊರಟುಬಿಡುತ್ತಾರೆ. ನಷ್ಟ ಆಗಿದ್ದೂ ಮನೆಯವರಿಗೆ ತಿಳಿಯುವುದಿಲ್ಲ.

ಈ ಪುಟವನ್ನು ಹೇಗೆ ತಪಾಸಣೆ ಮಾಡಬೇಕು? ಮೊದಲು ಪಕ್ಕದ ಮನೆಯವರ ಮೊಬೈಲಿನಲ್ಲಿ ತೆರೆಯಿರಿ. ಆಗ ಗಿರಾಕಿಗೆ ಕಾಣುವುದೇ ನಿಮಗೂ ಕಾಣುತ್ತದೆ.

ಲಿಂಕ್: ಪ್ರತಿಯೊಂದನ್ನೂ ಒತ್ತಿ ನೋಡಿ. ಗೂಗಲ್ ಪುಕ್ಕಟೆಯಾಗಿ ಕೊಟ್ಟಿದ್ದ, business.site ಎಂದು ಕೊನೆಯಾಗುವ ವೆಬ್‌ಸೈಟುಗಳು 2024ರ ಮಾರ್ಚ್‌ನಲ್ಲೇ ನಿಂತವು. ಅಂಥದ್ದಿದ್ದರೆ ತೆಗೆದುಹಾಕಿ. wa.me ಲಿಂಕಿನೊಳಗೆ ಫೋನ್ ನಂಬರ್ ಇರುತ್ತದೆ. ಸಿಮ್ ಬದಲಿಸಿದ್ದರೆ ಲಿಂಕನ್ನೂ ಬದಲಿಸಬೇಕು.

ಫೋಟೋ: ಹಳೆಯ ದರದ ಚೀಟಿ, ಹಳೆಯ ಡಬ್ಬಿ, ಹಳೆಯ ದಾರಿ, ಈ ಮೂರನ್ನು ಹುಡುಕಿ. ನೀವು ಹಾಕಿದ್ದನ್ನು ಅಳಿಸಬಹುದು. ಗಿರಾಕಿಗಳು ಹಾಕಿದ್ದನ್ನು ನೀವೇ ಅಳಿಸಲಾಗದು. ತಪ್ಪು ಫೋಟೋ ಇದ್ದರೆ ಗೂಗಲ್‌ಗೆ ದೂರು ಕೊಡಬಹುದಷ್ಟೇ. ಅದಕ್ಕೇ ಸೇತುವೆ ಕಡೆಯಿಂದ ಮನೆಗೆ ತಿರುಗುವ ಜಾಗದ ಹೊಸ ಫೋಟೋ ಒಂದೆರಡು ಹಾಕಿ.

ಮೆಸೇಜ್: ಗೂಗಲ್ ಪುಟದೊಳಗಿನ ಚಾಟ್ 2024ರ ಜುಲೈ 31ಕ್ಕೆ ಮುಗಿಯಿತು. ‘ಅಲ್ಲಿಗೆ ಮೆಸೇಜ್ ಮಾಡಿ’ ಎಂದು ಎಲ್ಲಾದರೂ ಬರೆದಿದ್ದರೆ ಅಳಿಸಿ. ಇನ್‌ಸ್ಟಾಗ್ರಾಂನಲ್ಲಿ ಅಪರಿಚಿತರ ಮೆಸೇಜು Requests ಎಂಬಲ್ಲಿ ಬೇರೆಯಾಗಿ ಕೂತಿರುತ್ತದೆ, ಅಲ್ಲಿ ಇಣುಕಿ. ಎರಡು ತಿಂಗಳ ಹಿಂದೆ ತುಪ್ಪ ಕೇಳಿದವರಿಗೂ ‘ತಡವಾಯಿತು, ಈಗ ಇದೆ, ಬೇಕೆ?’ ಎಂದು ಒಂದು ಸಾಲು ಬರೆಯಿರಿ.

ಇಷ್ಟಕ್ಕೂ ಪುಟದ ಬೀಗದ ಕೈ ನಿಮ್ಮ ಬಳಿ ಇರಬೇಕು. ಪುಟ ಮಾಡಿಕೊಟ್ಟ ಹುಡುಗ ಬೆಂಗಳೂರು ಸೇರಿದ್ದರೆ, ನಿಮ್ಮ ಇಮೇಲನ್ನೂ ಮಾಲೀಕರಾಗಿ ಸೇರಿಸಲು ಅವನಿಗೆ ಇಂದೇ ಹೇಳಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ವಾರ ಇಬ್ಬಿಬ್ಬರು ಕೂತು ಒಬ್ಬರದನ್ನು ಇನ್ನೊಬ್ಬರು ನೋಡಿದರೆ ಅರ್ಧ ಗಂಟೆಯ ಕೆಲಸ.